ತನ್ನ ಕಾಲು ತಾನೇ ಎಳೆದುಕೊಳ್ಳುವವರು

ನಮ್ಮ ಆಫೀಸುಗಳಲ್ಲಿ ಕಾಲೆಳೆಯುವುದು ಸಲಿಗೆಯ ಗುರುತು. ಹೊಸದಾಗಿ ಸೇರಿದವರನ್ನು ಮೊದಲ ತಿಂಗಳು ಎಲ್ಲರೂ ‘ಬನ್ನಿ, ಕೂತ್ಕೊಳ್ಳಿ’ ಎಂದು ಮರ್ಯಾದೆಯಿಂದ ಮಾತಾಡಿಸುತ್ತಾರೆ. ಯಾವತ್ತಾದರೂ ಟೀ ಹೊತ್ತಿಗೆ ಅವರ ಶರ್ಟಿನ ಬಣ್ಣದ ಬಗ್ಗೆ ಯಾರೋ ಒಂದು ಮಾತು ಹಾರಿಸಿದರೆ, ಅಲ್ಲಿಗೆ ಅವರೂ ನಮ್ಮವರಾದರು. ಹಾಗಾಗಿ ತಮಾಷೆಯನ್ನು ಒಳ್ಳೆಯದು, ಕೆಟ್ಟದ್ದು ಎಂದು ತೂಗಲು ಹೋದವರು ಸಾಮಾನ್ಯವಾಗಿ ಅರಸಿಕರು ಅನ್ನಿಸಿಕೊಳ್ಳುತ್ತಾರೆ.

ಆದರೂ ತೂಗಿದವರಿದ್ದಾರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ 32 ವಾಕ್ಯಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪ್ರತಿ ವಾಕ್ಯ ನಮಗೆ ಎಷ್ಟು ಒಪ್ಪುತ್ತದೆ ಎಂದು 1ರಿಂದ 7ರೊಳಗೆ ಅಂಕ ಹಾಕಬೇಕು. ಎಲ್ಲರನ್ನೂ ನಗಿಸಿ ಹತ್ತಿರ ಸೇರಿಸುವ ಹಾಸ್ಯ, ಇನ್ನೊಬ್ಬರನ್ನು ಚುಚ್ಚುವ ಹಾಸ್ಯ, ತನ್ನನ್ನೇ ಹೀಗಳೆದುಕೊಂಡು ಇತರರನ್ನು ಮೆಚ್ಚಿಸುವ ಹಾಸ್ಯ: ಇವುಗಳ ಜತೆಗೆ ಒಬ್ಬಂಟಿಯಾಗಿದ್ದಾಗಲೂ ಕಷ್ಟವನ್ನು ನಕ್ಕು ಹಗುರ ಮಾಡಿಕೊಳ್ಳುವ ನಾಲ್ಕನೆಯದೊಂದಿದೆ. ಅದು ಪುಣ್ಯವಂತರ ಪಾಲು, ಸದ್ಯಕ್ಕೆ ಬದಿಗಿಡೋಣ.

ಮೊದಲನೆಯದನ್ನು ವಿವರಿಸಬೇಕಾಗಿಲ್ಲ. ಪ್ರೊಜೆಕ್ಟರ್ ಕೈಕೊಟ್ಟಾಗ ‘ಇದಕ್ಕೂ ಶನಿವಾರ ರಜೆ ಬೇಕಂತೆ’ ಅನ್ನುವವರು ಎಲ್ಲ ಕಡೆ ಇದ್ದಾರೆ, ಅವರ ಮೇಜಿನ ಸುತ್ತ ಯಾವಾಗಲೂ ಜನ. ಎರಡನೆಯದನ್ನೂ ಗುರುತಿಸುವುದು ಸುಲಭ. ಚುಚ್ಚಿಸಿಕೊಂಡವನ ಮುಖ ಬಾಡಿದರೆ ‘ಏನ್ ಗುರು, ತಮಾಷೆಗೆ ಹೇಳಿದ್ರೆ ಇಷ್ಟೊಂದು ಸೀರಿಯಸ್ಸಾ?’ ಎಂಬ ಮಾತು ಹಿಂದೆಯೇ ಬರುತ್ತದೆ. ಗಾಯವೂ ಅವನದೇ, ತಪ್ಪೂ ಅವನದೇ.

ಮೋಸಗೊಳಿಸುವುದು ಮೂರನೆಯದು. ಅದು ನೋಡಲು ಥೇಟ್ ವಿನಯದ ಹಾಗಿರುತ್ತದೆ.

ನನಗೆ ಗೊತ್ತಿದ್ದ ಒಬ್ಬರು ಜೋಕಿಗೆ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಯಾರೂ ಏನೂ ಅನ್ನುವ ಮೊದಲೇ ಅವರೇ, ‘ನಾನು ಟ್ಯೂಬ್‌ಲೈಟ್ ಸಾರ್, ಹತ್ತೋಕೆ ಸ್ವಲ್ಪ ಟೈಮ್ ಬೇಕು’ ಅಂದುಬಿಟ್ಟರು. ಜೋಕಿಗಿಂತ ಇದಕ್ಕೇ ಹೆಚ್ಚು ನಗು ಬಂತು. ಮಾರನೆಯ ದಿನದಿಂದ ಅವರು ಎಲ್ಲರಿಗೂ ಟ್ಯೂಬ್‌ಲೈಟ್. ಅವರೂ ಬೇಜಾರಿಲ್ಲದೆ ಅದನ್ನೇ ಬೆಳೆಸಿದರು: ಮೀಟಿಂಗಿನಲ್ಲಿ ಪ್ರಶ್ನೆ ಕೇಳುವ ಮುನ್ನ ‘ಸ್ಟಾರ್ಟರ್ ಹೋಗಿದೆ, ಇನ್ನೊಂದ್ಸಲ ಹೇಳಿ’ ಅನ್ನುವುದು, ಲೆಕ್ಕ ಸರಿಯಾಗಿ ಬಂದರೆ ‘ಇವತ್ತು ವೋಲ್ಟೇಜ್ ಜಾಸ್ತಿ’ ಅನ್ನುವುದು. ಕೆಲವೇ ತಿಂಗಳಲ್ಲಿ, ಅವರ ಕೆಲಸವನ್ನು ಕಂಡೇ ಇರದ ಹೊಸ ಹುಡುಗನೂ ಹಾಗೇ ಕರೆಯತೊಡಗಿದ. ಆಮೇಲೆ ಒಂದು ಅವಸರದ ಕೆಲಸ ಬಂತು. ಯಾರಿಗೆ ವಹಿಸುವುದು ಎಂಬ ಮಾತಿನಲ್ಲಿ ಅವರ ಹೆಸರು ಬಂದಾಗ ಯಾರೋ ‘ಅಯ್ಯೋ, ಅದು ಹತ್ತೋದ್ರೊಳಗೆ ಡೆಡ್‌ಲೈನ್ ಮುಗಿದಿರುತ್ತೆ’ ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಕೆಲಸ ಬೇರೆಯವರ ಪಾಲಾಯಿತು. ಇದರಲ್ಲಿ ಯಾರದೂ ದ್ವೇಷವಿರಲಿಲ್ಲ. ಅವರ ವಿರುದ್ಧದ ಸಾಕ್ಷಿಯನ್ನು ಅವರೇ ಒದಗಿಸಿದ್ದರು, ಅಷ್ಟೆ.

ಇದೇ ಮಾತನ್ನು ಮ್ಯಾನೇಜರು ಆಡಿದ್ದರೆ? ‘ನಾನೊಂದು ಟ್ಯೂಬ್‌ಲೈಟ್ ಕಣ್ರೀ’ ಅಂದರೆ ‘ಎಷ್ಟು ಸರಳ ಮನುಷ್ಯ!’ ಎಂದು ಮೆಚ್ಚುತ್ತಿದ್ದೆವು. ಕುರ್ಚಿ ಗಟ್ಟಿಯಿದ್ದವರು ತಮ್ಮನ್ನು ತಾವು ಗೇಲಿ ಮಾಡಿಕೊಂಡರೆ ಅದು ದೊಡ್ಡತನ. ಕುರ್ಚಿ ಅಲ್ಲಾಡುವವರಿಗೆ ಆ ಸೌಲಭ್ಯವಿಲ್ಲ. ಅಂದಮೇಲೆ ತನ್ನ ಬಗ್ಗೆ ತಾನೇ ಒಂದು ಜೋಕು ಹೊಡೆದುಕೊಂಡ ಮಾತ್ರಕ್ಕೆ ಅದು ಈ ಮೂರನೆಯ ಬಗೆಗೆ ಸೇರಬೇಕಿಲ್ಲ. ಮಾರ್ಟಿನ್ ಪ್ರಶ್ನಾವಳಿಯೂ ಹುಡುಕುವುದು ಅತಿಯನ್ನು: ಬೇಕಾದ್ದಕ್ಕಿಂತ ಹೆಚ್ಚು ಜನ ತನ್ನನ್ನು ನೋಡಿ ನಗಲು ಬಿಡುತ್ತೇನೆಯೇ, ಒಳಗೆ ಸಂಕಟವಿದ್ದರೂ ಆಪ್ತರಿಗೂ ತಿಳಿಯದಂತೆ ಜೋಕಿನಿಂದ ಮುಚ್ಚಿಡುತ್ತೇನೆಯೇ, ಇಂಥವನ್ನು.

ಸ್ನೇಹ ಕೆಡುವುದೂ ಇಲ್ಲೇ. ಹೀಗೆ ತನ್ನನ್ನೇ ಹೀಗಳೆದುಕೊಳ್ಳುವವನು ಗೆಳೆಯರಿಗೆ ಮನರಂಜನೆಯಾಗಿ ಒಗ್ಗಿಹೋಗಿರುತ್ತಾನೆ. ‘ನಮ್ಮನ್ನ ಯಾರು ಕೇಳ್ತಾರೆ ಬಿಡಪ್ಪ’ ಎಂದು ನಿಜವಾದ ನೋವಿನಿಂದ ಹೇಳಿದರೂ ಅವರು ಮುಂದಿನ ಪಂಚ್‌ಗೆ ಕಾಯುತ್ತಾರೆ. ಈ ಬಗೆಯಲ್ಲಿ ಹೆಚ್ಚು ಅಂಕ ಪಡೆದವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿಯೂ ಆತ್ಮಗೌರವ ಕಡಿಮೆಯಾಗಿಯೂ ಕಂಡುಬಂದಿದೆ. ಯಾವುದು ಯಾವುದಕ್ಕೆ ಕಾರಣ ಎಂಬುದು ಮಾತ್ರ ಇದರಿಂದ ತೀರ್ಮಾನವಾಗುವುದಿಲ್ಲ. ಜ್ಯೂರಿಕ್‌ನ ಸಂಶೋಧಕರು ಇನ್ನೊಂದು ಕೊಕ್ಕೆಯನ್ನೂ ಹಾಕಿದ್ದಾರೆ: ಆ ವಾಕ್ಯಗಳಿಂದ ನಗುವಿನ ಮಾತನ್ನೇ ತೆಗೆದು ನೋಡಿದರೂ ಈ ನಂಟು ಬಹುಮಟ್ಟಿಗೆ ಉಳಿಯಿತು. ಅಂದರೆ ಕೆಡುಕು ಹೀಗಳೆದುಕೊಳ್ಳುವುದರಲ್ಲಿದೆ, ನಗುವಿನ ತಲೆಗೆ ಕಟ್ಟುವುದು ಅನ್ಯಾಯ. ನನಗೆ ಈ ತಕರಾರೇ ಹೆಚ್ಚು ಸರಿ ಅನ್ನಿಸುತ್ತದೆ.

ಹಾಗೆಂದು ಅಂಥವರಿಗೆ ‘ನಿಮ್ಮ ಬಗ್ಗೆ ಹಾಗೆಲ್ಲ ಹೇಳ್ಕೋಬೇಡಿ’ ಎಂದು ಬುದ್ಧಿ ಹೇಳಿದರೆ ಅದಕ್ಕೂ ಒಂದು ಜೋಕು ತಯಾರಿರುತ್ತದೆ. ಅದರ ಬದಲು, ‘ಸ್ಟಾರ್ಟರ್ ಹೋಗಿದೆ’ ಎಂದಾಗ ನಗದೆ, ‘ನಿಮ್ಮ ಪ್ರಶ್ನೆ ಏನಿತ್ತು, ಕೇಳಿ’ ಅನ್ನಬಹುದು. ನಮ್ಮ ಟ್ಯೂಬ್‌ಲೈಟ್ ಕೇಳುತ್ತಿದ್ದ ಪ್ರಶ್ನೆಗಳು, ನಿಜ ಹೇಳಬೇಕೆಂದರೆ, ಆ ಮೀಟಿಂಗಿನಲ್ಲಿ ಅರ್ಧಕ್ಕರ್ಧ ಜನಕ್ಕೆ ಅರ್ಥವಾಗದೆ ಉಳಿದಿದ್ದ ವಿಷಯಗಳ ಬಗ್ಗೆಯೇ ಇರುತ್ತಿದ್ದವು.