ಹತ್ತು ದಿನಗಳ ಸೂತಕವನ್ನು ಮೂರು ದಿನಕ್ಕೆ ಇಳಿಸುವ ಮುನ್ನ

ಇತ್ತೀಚೆಗೆ ಸಾವಿನ ಮನೆಗಳಲ್ಲಿ, ಎಲ್ಲವನ್ನೂ ಮೂರು ದಿನಗಳಲ್ಲಿ ಮುಗಿಸಿಬಿಡಬಹುದಲ್ಲವೇ ಎಂಬ ಮಾತು ಕೇಳಿಬರುತ್ತಿದೆ. ರಜೆ ಸಿಗದವರ, ವಿದೇಶದಿಂದ ಓಡಿಬಂದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ದಿನಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯದೆ ಅವನ್ನು ಕತ್ತರಿಸುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ. ಹಳೇ ಮೈಸೂರು ಕಡೆಯ ಸ್ಮಾರ್ತ ಮನೆಗಳ ಪದ್ಧತಿ ನಾನು ಹತ್ತಿರದಿಂದ ಕಂಡದ್ದು. ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ದಹನವೇ ಏಕೆ ಎಂದು ಕೇಳಿದರೆ ರೋಗಾಣು, ಸ್ವಚ್ಛತೆ, ಜಾಗದ ಉಳಿತಾಯ ಎಂಬ ಉತ್ತರಗಳು ಬರುತ್ತವೆ. ಇವು ನಾವು ಈಚೆಗೆ ಹಚ್ಚಿಕೊಂಡ ಕಾರಣಗಳು. ಶಾಸ್ತ್ರ ಈ ಕರ್ಮವನ್ನು ಅಂತ್ಯೇಷ್ಟಿ ಎಂದು ಕರೆಯುತ್ತದೆ, ಅಂದರೆ ಕೊನೆಯ ಯಜ್ಞ. ಬದುಕಿರುವಷ್ಟು ಕಾಲ ಅಗ್ನಿಯಲ್ಲಿ ತುಪ್ಪವನ್ನೂ ಅನ್ನವನ್ನೂ ಹೋಮಿಸಿದ ಗೃಹಸ್ಥ ಕೊನೆಗೆ ತನ್ನ ದೇಹವನ್ನೇ ಆಹುತಿಯಾಗಿ ಕೊಡುತ್ತಾನೆ. ಋಗ್ವೇದದ ಹತ್ತನೆಯ ಮಂಡಲದ ಹದಿನಾರನೆಯ ಸೂಕ್ತ, ಸತ್ತವನ ಕಣ್ಣು ಸೂರ್ಯನಿಗೂ ಪ್ರಾಣ ಗಾಳಿಗೂ ಸೇರಲಿ ಎಂದು ಹೇಳಿ, ಅವನನ್ನು ಪಿತೃಗಳ ಬಳಿಗೆ ಒಯ್ಯುವಂತೆ ಅಗ್ನಿಯನ್ನು ಪ್ರಾರ್ಥಿಸುತ್ತದೆ.

ಯಾರನ್ನು ಸುಡುವುದಿಲ್ಲ ಎಂಬುದನ್ನು ನೋಡಿದರೆ ಈ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂನ್ಯಾಸ ಸ್ವೀಕರಿಸುವಾಗಲೇ ಅಗ್ನಿಕಾರ್ಯವನ್ನು ಬಿಟ್ಟವರಾದ್ದರಿಂದ ಯತಿಗಳಿಗೆ ಸಮಾಧಿ. ಎರಡು ವರ್ಷ ತುಂಬದ ಮಗುವನ್ನು ಮಣ್ಣು ಮಾಡಬೇಕೆಂದು ಮನುಸ್ಮೃತಿ ಹೇಳುತ್ತದೆ. ದೀಕ್ಷೆಯಿಂದಲೇ ದೇಹ ಲಿಂಗಕ್ಕೆ ಸೇರಿದ್ದೆಂದು ನಂಬುವ ಲಿಂಗಾಯತರು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ನಮ್ಮ ನಾಡಿನ ಇನ್ನೂ ಹಲವು ಸಮುದಾಯಗಳಲ್ಲಿ ಹೂಳುವ ಪದ್ಧತಿಯಿದೆ. ಆದ್ದರಿಂದ ದಹನವೊಂದೇ ಹಿಂದೂ ಪದ್ಧತಿ ಎನ್ನುವುದೂ ಸರಿಯಲ್ಲ.

ಚಿತೆಗೆ ಕೊಳ್ಳಿ ಇಟ್ಟಾಗ ಹೋದದ್ದು ಸ್ಥೂಲ ಶರೀರ ಮಾತ್ರ. ದೇಹವಿಲ್ಲದ ಜೀವ ಆಗ ಪ್ರೇತ, ಅದಿನ್ನೂ ಪಿತೃವಾಗಿಲ್ಲ. ಮುಂದಿನ ಹತ್ತು ದಿನ ಕರ್ತೃ ದರ್ಭೆ, ಎಳ್ಳು ನೀರಿನೊಡನೆ ಇಡುವ ಒಂದೊಂದು ಪಿಂಡದಿಂದ ಅದಕ್ಕೊಂದು ದೇಹ ಕಟ್ಟಿಕೊಡುತ್ತಾನೆ. ಗರುಡಪುರಾಣದ ಪ್ರಕಾರ ಮೊದಲ ದಿನದ ಪಿಂಡದಿಂದ ತಲೆ, ಎರಡನೆಯದರಿಂದ ಕತ್ತು ಮತ್ತು ಹೆಗಲು, ಮೂರನೆಯದರಿಂದ ಹೃದಯ. ಹೀಗೆ ಇಳಿಯುತ್ತಾ ಒಂಬತ್ತನೆಯ ದಿನಕ್ಕೆ ಪಾದ ಮೂಡುತ್ತದೆ. ಹತ್ತನೆಯ ದಿನ ಹುಟ್ಟುವುದು ಹಸಿವು ಮತ್ತು ಬಾಯಾರಿಕೆ. ಅವಯವಗಳೆಲ್ಲ ಬಂದ ಮೇಲೆ ಹಸಿವು ಬರುತ್ತದೆಂಬ ಈ ಕಲ್ಪನೆ ನನ್ನನ್ನು ಬಹಳವಾಗಿ ತಟ್ಟಿದೆ, ಏಕೆಂದರೆ ಬದುಕಿನ ಗುರುತು ಅದೇ. ಈ ಕೆಲಸ ನಡೆಯುವ ಅವಧಿಯೇ ಸೂತಕ. ಮನೆಯವರು ದೇವರ ಪೂಜೆ, ಶುಭಕಾರ್ಯಗಳಿಂದ ದೂರವಿರುವುದನ್ನು ಶಿಕ್ಷೆಯೆಂದಾಗಲಿ, ಕೇವಲ ಮೈಲಿಗೆಯೆಂದಾಗಲಿ ನಾನು ಭಾವಿಸಲಾರೆ. ಹೋದವರೊಡನೆ ಅವರೂ ಅಷ್ಟು ದಿನ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಇರುತ್ತಾರೆ.

ನಡುವೆ ಬರುವುದು ಅಸ್ಥಿಸಂಚಯನ. ಆಶ್ವಲಾಯನ ಗೃಹ್ಯಸೂತ್ರದಂತೆ ಮೂಳೆಗಳನ್ನು ಹೆಬ್ಬೆರಳು ಮತ್ತು ಉಂಗುರ ಬೆರಳಿನಿಂದ, ಸದ್ದಾಗದಂತೆ, ಪಾದದಿಂದ ತೊಡಗಿ ತಲೆಯವರೆಗೆ ಒಂದೊಂದಾಗಿ ಎತ್ತಿ ಮಡಕೆಗೆ ಹಾಕಬೇಕು. ವಿದ್ಯುತ್ ಚಿತಾಗಾರದಲ್ಲಿ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಒಟ್ಟಿಗೆ ತುಂಬಿ ಕೊಡುವುದರಿಂದ ಆ ಕ್ರಮ ತಾನಾಗಿಯೇ ತಪ್ಪಿಹೋಗುತ್ತದೆ. ಅದೇ ಸಂಜೆ ಪಶ್ಚಿಮವಾಹಿನಿಗೆ ಹೋಗಿ ಬಿಟ್ಟುಬರುವವರೂ ಇದ್ದಾರೆ.

ಹನ್ನೆರಡನೆಯ ದಿನದ ಸಪಿಂಡೀಕರಣವನ್ನು ಉದಾಹರಣೆಯಾಗಿ ವಿವರಿಸುತ್ತೇನೆ. ತೀರಿಕೊಂಡವರು ತಂದೆ ಎಂದಿಟ್ಟುಕೊಳ್ಳೋಣ. ಪ್ರೇತಪಿಂಡವನ್ನು ಉದ್ದನೆಯದಾಗಿ ಮಾಡಿ, ಮೂರು ಭಾಗ ಮಾಡಿ, ಅಜ್ಜ, ಮುತ್ತಜ್ಜ ಮತ್ತು ಅವರ ತಂದೆಯ ಹೆಸರಿನ ಪಿಂಡಗಳಲ್ಲಿ ಒಂದೊಂದು ಭಾಗವನ್ನು ಬೆರೆಸುತ್ತಾರೆ. ಆ ಕ್ಷಣದಿಂದ ತಂದೆ ಪ್ರೇತರಲ್ಲ, ಪಿತೃ. ಮುಂದಿನ ಶ್ರಾದ್ಧಗಳಲ್ಲಿ ಹೇಳುವ ಮೂರು ಹೆಸರುಗಳಲ್ಲಿ ಮೊದಲನೆಯದು ಅವರದು; ಆ ಸಾಲಿನ ಅತಿ ಹಿರಿಯರ ಹೆಸರು ಬಿಟ್ಟುಹೋಗುತ್ತದೆ. ನಮ್ಮ ತಂದೆಯವರ ಕರ್ಮದಲ್ಲಿ ಪುರೋಹಿತರು ಇದನ್ನು ಬಿಡಿಸಿ ಹೇಳಿದಾಗ, ಅಪ್ಪ ಇನ್ನು ಯಾರ ಜೊತೆಗಿದ್ದಾರೆಂದು ನನಗೆ ತಿಳಿಯಿತು.

ಕಾಲವನ್ನು ಕುಗ್ಗಿಸುವುದು ಶಾಸ್ತ್ರಕ್ಕೆ ಅಪರಿಚಿತವೇನಲ್ಲ. ಈ ಸಪಿಂಡೀಕರಣವನ್ನು ಹಿಂದೆ ವರ್ಷದ ಕೊನೆಗೆ ಮಾಡುತ್ತಿದ್ದರು. ಆಯುಷ್ಯಕ್ಕೆ ಭರವಸೆಯಿಲ್ಲವೆಂದು ಅದನ್ನು ಹನ್ನೆರಡನೆಯ ದಿನಕ್ಕೆ ತಂದರು. ದೂರದೂರಿನಲ್ಲಿರುವ ದಾಯಾದಿಗೆ ಹತ್ತು ದಿನದೊಳಗೆ ಸುದ್ದಿ ಮುಟ್ಟಿದರೆ ಉಳಿದಷ್ಟೇ ದಿನ ಸೂತಕವೆಂದು ಮನುವೇ ಹೇಳಿದ್ದಾನೆ. ಹತ್ತೂ ಪಿಂಡಗಳನ್ನು ಕೊನೆಯ ದಿನ ಒಟ್ಟಿಗೆ ಇಡುವುದು ಇಂದು ಸಾಮಾನ್ಯವಾಗಿದೆ; ಅದನ್ನೂ ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ಅಲ್ಲಿ ಪಿಂಡಗಳೂ ದಿನಗಳೂ ಉಳಿಯುತ್ತವೆ. ಮೂರನೆಯ ದಿನಕ್ಕೇ ಊಟ ಹಾಕಿಸಿ, ಮರುದಿನ ಕೆಲಸಕ್ಕೆ ಹೊರಟಾಗ ಎರಡೂ ಉಳಿಯುವುದಿಲ್ಲ. ರಜೆ ಸಿಗದವರು ಮಧ್ಯದ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡಲಿ, ಕಚೇರಿಗೂ ಹೋಗಲಿ, ಆದರೆ ಹತ್ತನೆಯ ದಿನದಿಂದ ಹದಿಮೂರನೆಯ ದಿನದ ಶುಭಸ್ವೀಕಾರದವರೆಗೆ ಮನೆಯವರೆಲ್ಲ ಒಂದೆಡೆ ಸೇರಲಿ ಎಂಬುದೇ ನನ್ನ ಕೋರಿಕೆ.