ಗುದ್ದಿದ ಗಾಡಿ ನಂಬರ್ ಬರೆದುಕೊಂಡು ಬನ್ನಿ

ನಮ್ಮ ಚಿಕ್ಕಪ್ಪ ಮಾಡಿದ ದೊಡ್ಡ ತಪ್ಪು ಏನಂದರೆ, ಗುದ್ದಿಸಿಕೊಂಡ ಮೇಲೆ ಗಾಡಿಯ ಹಿಂದೆ ಓಡಲಿಲ್ಲ. ಬೆಳಗಿನ ಜಾವ ಐದೂವರೆಗೆ ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೊರಟಿದ್ದರು. ಹೈವೇ ದಾಟುವಾಗ ಯಾವುದೋ ಗಾಡಿ ಹಿಂದಿನಿಂದ ಬಂದು ಬಡಿದು ಹೋಯಿತು. ಹಾಲೆಲ್ಲ ರಸ್ತೆಗೆ, ಸೈಕಲ್ಲು ಚರಂಡಿಗೆ, ಚಿಕ್ಕಪ್ಪನ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಇಷ್ಟಾದರೂ ನಂಬರ್ ಪ್ಲೇಟ್ ಓದಿಕೊಳ್ಳಲಿಲ್ಲ ನೋಡಿ, ಅದೇ ಅವರ ಅಪರಾಧ.

ಇದು ಅಪರಾಧ ಅಂತ ಗೊತ್ತಾಗಿದ್ದು ಕಚೇರಿ ಅಲೆಯಲು ಶುರು ಮಾಡಿದ ಮೇಲೆ. ಕಾನೂನು ಅಷ್ಟೇನೂ ಕೆಟ್ಟದಾಗಿಲ್ಲ, ನಿಜ ಹೇಳಬೇಕಲ್ವಾ. ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಪ್ರಕಾರ ಗುದ್ದಿದ ಗಾಡಿ ಯಾವುದು ಅಂತ ಗೊತ್ತಾಗದಿದ್ದರೆ, ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯ ಆದವರಿಗೆ 50,000 ರೂಪಾಯಿ ಕೊಡಬೇಕು. 2022ರ ಏಪ್ರಿಲ್ 1ರಿಂದ ಈ ದರ. ಅದಕ್ಕೂ ಮೊದಲು, 1994ರಿಂದ, ಒಂದು ಜೀವಕ್ಕೆ 25,000, ಮುರಿದ ಕಾಲಿಗೆ 12,500. ಇಪ್ಪತ್ತೆಂಟು ವರ್ಷದಲ್ಲಿ ಚಿನ್ನ, ಸೈಟು, ಈರುಳ್ಳಿ ಎಲ್ಲದರ ಬೆಲೆಯೂ ಏರಿತು, ಹೈವೇ ಮೇಲೆ ಸತ್ತವನ ಬೆಲೆ ಮಾತ್ರ ಅಲ್ಲಾಡಲಿಲ್ಲ.

ಈಗ 2 ಲಕ್ಷ ಅಂದರೆ ಪರವಾಗಿಲ್ಲ ಅನಿಸುತ್ತೆ. ಒಂದು ಲೆಕ್ಕ ಹಾಕೋಣ. ಮೂವತ್ತೈದು ವರ್ಷದ ಗಾರೆ ಕೆಲಸದವನು, ತಿಂಗಳಿಗೆ 15,000 ದುಡಿಯುತ್ತಾನೆ, ಹೆಂಡತಿ, ಇಬ್ಬರು ಮಕ್ಕಳು. ಗುದ್ದಿದ ಲಾರಿ ಸಿಕ್ಕಿತು, ಅದಕ್ಕೆ ಇನ್ಶೂರೆನ್ಸ್ ಇದೆ ಅಂತಿಟ್ಟುಕೊಳ್ಳಿ. ಕೋರ್ಟಿನವರು ವರ್ಷದ 1.80 ಲಕ್ಷಕ್ಕೆ ಮುಂದೆ ಹೆಚ್ಚಬಹುದಾದ ಸಂಪಾದನೆ ಅಂತ ಶೇಕಡ 40 ಸೇರಿಸುತ್ತಾರೆ, 2.52 ಲಕ್ಷ ಆಯಿತು. ಅವನ ಸ್ವಂತ ಖರ್ಚು ಅಂತ ಮೂರರಲ್ಲಿ ಒಂದು ಪಾಲು ಕಳೆಯುತ್ತಾರೆ, ಉಳಿದದ್ದು 1.68 ಲಕ್ಷ. ಆ ವಯಸ್ಸಿಗೆ ಇರುವ 16ರಿಂದ ಗುಣಿಸಿದರೆ 26 ಲಕ್ಷ 88 ಸಾವಿರ. ಅಂತ್ಯಕ್ರಿಯೆ, ಹೆಂಡತಿ ಮಕ್ಕಳು ಕಳೆದುಕೊಂಡ ಆಸರೆ ಅಂತ ಮೇಲೆ ಇನ್ನಷ್ಟು. ಅದೇ ಮನುಷ್ಯ, ಅದೇ ರಸ್ತೆ, ಅದೇ ಲಾರಿ, ಆದರೆ ಡ್ರೈವರ್ ಆಕ್ಸಿಲರೇಟರ್ ಒತ್ತಿ ಮಾಯವಾದ ಅಂದರೆ 2 ಲಕ್ಷ. ಅಂದರೆ ಒಂದು ನಂಬರ್ ಪ್ಲೇಟಿಗೆ ಸುಮಾರು 25 ಲಕ್ಷ ಬೆಲೆ. ಫ್ಯಾನ್ಸಿ ನಂಬರಿಗೆ ಹರಾಜು ಕೂಗುವವರಿಗೆ ಇದು ಗೊತ್ತಿಲ್ಲ ಪಾಪ.

ಹಾಗೆ ಓಡಿ ಹೋದವನಿಗೆ ಹೊಸ ನ್ಯಾಯ ಸಂಹಿತೆಯಲ್ಲಿ ಹತ್ತು ವರ್ಷ ಜೈಲು ಅಂತ ಬರೆದಿದ್ದರು. 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದರು, ಜುಲೈ 1ಕ್ಕೆ ಸಂಹಿತೆ ಜಾರಿಗೆ ಬರುವಾಗ ಆ ಒಂದು ಸಾಲನ್ನು ಮಾತ್ರ ಪಕ್ಕಕ್ಕಿಟ್ಟು ತಂದರು.

ಸರಿ, ಚಿಕ್ಕಪ್ಪನ 50,000ಕ್ಕೆ ಬರೋಣ. ಎಫ್‌ಐಆರ್ ಆಗಿತ್ತು. ಅರ್ಜಿ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆವು, ಯಾಕಂದರೆ ಈ ಅರ್ಜಿ ಕೋರ್ಟಿಗೆ ಹೋಗುವುದಲ್ಲ, ವಕೀಲರೂ ಬೇಕಿಲ್ಲ. ತಹಶೀಲ್ದಾರ್ ಅಥವಾ ಎಸಿ ವಿಚಾರಣಾಧಿಕಾರಿ, ಡಿಸಿ ಮಂಜೂರು ಮಾಡುವವರು. ಗುಮಾಸ್ತರು ಕನ್ನಡಕ ಏರಿಸಿ ಓದಿದರು.

"ಗಾಡಿ ನಂಬರ್ ಬರ್ದೇ ಇಲ್ವಲ್ರೀ?"

"ಗೊತ್ತಿಲ್ಲ ಸಾರ್. ಗೊತ್ತಿಲ್ಲದವರಿಗೇ ಅಲ್ವಾ ಈ ಸ್ಕೀಮು?"

"ಅದು ಸರಿ. ಆದ್ರೆ ಖಾಲಿ ಬಿಟ್ರೆ ಹೆಂಗೆ? ಗಾಡಿ ಸಿಕ್ಕಿಲ್ಲ ಅಂತ ಪೊಲೀಸರಿಂದ ಸಿ ರಿಪೋರ್ಟ್ ತನ್ನಿ."

ಸಿ ರಿಪೋರ್ಟ್ ಅಂದರೆ 'ಪತ್ತೆಯಾಗಿಲ್ಲ, ಕೇಸು ಮುಗಿಸುತ್ತಿದ್ದೇವೆ' ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಠಾಣೆಗೆ ಹೋದರೆ ಅವರು ಬಹಳ ಆಶಾವಾದಿಗಳು. "ಯಜಮಾನ್ರೇ, ನಾವಿನ್ನೂ ಹುಡುಕ್ತಾ ಇದೀವಿ. ಸಿಗಲ್ಲ ಅಂತ ಹೆಂಗೆ ಬರ್ಕೊಡೋದು?" ಒಂದು ಕಚೇರಿಗೆ ಗಾಡಿ ಸಿಗಲಿಲ್ಲ ಅಂತ ಖಾತ್ರಿಯಾಗಬೇಕು, ಇನ್ನೊಂದಕ್ಕೆ ಸಿಗುತ್ತೆ ಅನ್ನೋ ನಂಬಿಕೆ ಬಿಡಲು ಮನಸ್ಸಿಲ್ಲ. ನಡುವೆ ವಾಕರ್ ಹಿಡಿದ ಚಿಕ್ಕಪ್ಪ.

ನಿಜಕ್ಕೂ ಸ್ಕೀಮಿನಲ್ಲಿ ಕೇಳುವುದು ಎಫ್‌ಐಆರ್ ಪ್ರತಿ, ಗಾಯದ ವರದಿ (ಸಾವಾಗಿದ್ದರೆ ಪೋಸ್ಟ್‌ಮಾರ್ಟಂ ವರದಿ), ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮುಂದೆ ಬೇರೆ ಕಡೆಯಿಂದ ಪರಿಹಾರ ಬಂದರೆ ಈ ದುಡ್ಡು ವಾಪಸ್ ಕೊಡುತ್ತೇನೆ ಅನ್ನೋ ಮುಚ್ಚಳಿಕೆ, ಇಂಥವು. ನಾಳೆ ಗಾಡಿ ಸಿಕ್ಕಿಬಿಟ್ಟರೆ ಏನು ಮಾಡೋದು ಅನ್ನೋ ಭಯಕ್ಕೆ ಆ ಮುಚ್ಚಳಿಕೆಯೇ ಉತ್ತರ. ಅದಿರುವಾಗ ಸಿ ರಿಪೋರ್ಟಿಗೆ ಕಾಯುವ ಕೆಲಸವೇ ಇಲ್ಲ. ವಿಚಾರಣಾಧಿಕಾರಿ ಒಂದು ತಿಂಗಳಲ್ಲಿ ವರದಿ ಕೊಡಬೇಕು, ಡಿಸಿ ಹದಿನೈದು ದಿನದಲ್ಲಿ ಮಂಜೂರು ಮಾಡಬೇಕು, ಇನ್ನು ಹದಿನೈದು ದಿನದಲ್ಲಿ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಖಾತೆಗೆ ಹಾಕಬೇಕು. ಅರವತ್ತು ದಿನ. ಕಾಗದದ ಮೇಲೆ ಓದಿದರೆ ಕಣ್ಣು ತುಂಬಿ ಬರುತ್ತೆ.

ಇನ್ನೊಂದು ಮಜಾ ಕೇಳಿ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ, 'ನಿಮಗೆ ಇಂಥ ಸ್ಕೀಮಿದೆ, ಇಂಥ ಅಧಿಕಾರಿ ಹತ್ತಿರ ಹೋಗಿ' ಅಂತ ಪೊಲೀಸರೇ ಬರೆದು ತಿಳಿಸಬೇಕು ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಮ್ನೆ ಹೇಳಿದ್ದಲ್ಲ. 2022ರಲ್ಲಿ ದೇಶದಲ್ಲಿ ಗುದ್ದಿ ಓಡಿದ ಪ್ರಕರಣ 67,387. ಆ ಸಾಲಿನಲ್ಲಿ ಬಂದ ಅರ್ಜಿ 205, ಪರಿಹಾರ ಸಿಕ್ಕಿದ್ದು 95 ಮಂದಿಗೆ. ಈ ಅಂಕಿ ನೋಡಿಯೇ ಕೋರ್ಟು ಹಾಗೆ ಹೇಳಿದ್ದು. ಚಿಕ್ಕಪ್ಪನಿಗೆ ಠಾಣೆಯಿಂದ ಅಂಥ ಕಾಗದ ಬರಲಿಲ್ಲ. ಕೇಳಿದ್ದಕ್ಕೆ "ಹಂಗೊಂದು ಇದ್ಯಾ?" ಅಂದರು. ಆದೇಶದ ಪ್ರಿಂಟ್ ತೆಗೆದುಕೊಟ್ಟ ಮೇಲೆ ಕಾಗದ ಬಂತು. ಅದನ್ನೇ ಗುಮಾಸ್ತರ ಮೇಜಿನ ಮೇಲಿಟ್ಟೆವು, ಸಿ ರಿಪೋರ್ಟ್ ಮಾತು ಆಮೇಲೆ ಎತ್ತಲಿಲ್ಲ.

ಅಷ್ಟರಲ್ಲಿ ವೂಂಡ್ ಸರ್ಟಿಫಿಕೇಟ್ ತಗಾದೆ ಶುರು. ಅದರಲ್ಲಿ 'ಸಿಂಪಲ್' ಅಂತಿತ್ತು! ಗಾಯ ಸಿಂಪಲ್ ಆದರೆ ಈ ಸ್ಕೀಮಿನಲ್ಲಿ ಒಂದು ಪೈಸೆಯೂ ಇಲ್ಲ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಡ್ಯೂಟಿ ಡಾಕ್ಟರು ಎಕ್ಸ್‌ರೇ ಬರುವ ಮೊದಲೇ ಮೇಲೆ ಕಂಡ ತರಚು ಗಾಯ ನೋಡಿ ಬರೆದುಬಿಟ್ಟಿದ್ದರು. ಎಕ್ಸ್‌ರೇ, ಡಿಸ್‌ಚಾರ್ಜ್ ಸಮರಿ ಹಿಡಿದು ಮೂರು ಸಲ ಹೋಗಿ ತಿದ್ದಿಸಿದೆವು. ಕಾಲಿಗೆ ಹಾಕಿದ ರಾಡ್ ಮಾತ್ರ ಮೊದಲ ದಿನದಿಂದಲೂ ಸಿಂಪಲ್ ಆಗಿರಲಿಲ್ಲ.

ಕಾಯುತ್ತಾ ಕೂತಾಗ ಪಕ್ಕದ ಬೆಂಚಿನವರು ಒಂದು ವಿಷಯ ಹೇಳಿದರು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ಇದೆಯಲ್ಲ, ಅದರಲ್ಲೂ ಅಪಘಾತದ ಸಾವಿಗೆ 2 ಲಕ್ಷ, ಯಾವ ಗಾಡಿ ಅಂತ ಕೇಳುವುದಿಲ್ಲ. ನಾನು ಲೆಕ್ಕ ಹಾಕಿದೆ. ಇಡೀ ದೇಶದ ಕಾನೂನು ಸೇರಿ ಕೊಡುವುದೂ, 20 ರೂಪಾಯಿ ಕೊಡುವುದೂ ಒಂದೇ. ಬೈಕ್ ಓಡಿಸುವಾಗ ಅದರ ಮಾಲೀಕನೇ ಸತ್ತರೆ ಅವನದೇ ಪಾಲಿಸಿಯ ಅಪಘಾತ ವಿಮೆಯಲ್ಲಿ 15 ಲಕ್ಷ ಇರುತ್ತೆ, ಗುದ್ದಿದವನು ಸಿಗದಿದ್ದರೂ. ಚಿಕ್ಕಪ್ಪ ಸೈಕಲ್ ತುಳಿದರು. ಅಲ್ಲೂ ತಪ್ಪು ಅವರದೇ.

ದುಡ್ಡು ಇನ್ನೂ ಬಂದಿಲ್ಲ, ಫೈಲು ಡಿಸಿ ಆಫೀಸಿನಲ್ಲಿದೆಯಂತೆ. ಚಿಕ್ಕಪ್ಪ ಈಗ ಬೆಳಗ್ಗೆ ಹೈವೇ ಕಡೆಯ ಜಗಲಿ ಮೇಲೆ ಕೂತು, ಡೈರಿ ಲೆಕ್ಕದ ಪುಸ್ತಕದಲ್ಲಿ ಲೀಟರ್, ಫ್ಯಾಟು ಬರೆಯುವ ಜಾಗದಲ್ಲಿ ಹೋಗೋ ಬರೋ ಗಾಡಿಗಳ ನಂಬರ್ ಬರೆದಿಡುತ್ತಾರೆ. ಯಾಕೆ ಚಿಕ್ಕಪ್ಪ ಅಂದರೆ, "ಇರ್ಲಿ ಬಿಡೋ, ಮುಂದೆ ಯಾರಿಗಾದ್ರೂ ಗುದ್ದಿದ್ರೆ ಬೇಕಾಗುತ್ತೆ" ಅಂತಾರೆ.