ಮೋಡದ ತಿಂಗಳುಗಳ ಮಂಕು ಮತ್ತು ಅಕ್ಕನ ಕ್ಯಾಲೆಂಡರ್

ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ನಮ್ಮ ಭಾವ, ಆಷಾಢ ಬಂತೆಂದರೆ ಮಾತು ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ಒಂಬತ್ತಾದರೂ ಹಾಸಿಗೆ ಬಿಡುವುದಿಲ್ಲ. "ಮೋಡ ಕವಿದರೆ ಇವರು ಹೀಗೇ ಕಣೋ" ಎಂದು ಅಕ್ಕ ಹೇಳಿದಾಗ, ಋತುಮಾನದ ಖಿನ್ನತೆಯ ಬಗ್ಗೆ ಅಲ್ಪಸ್ವಲ್ಪ ಓದಿದ್ದ ನಾನು ಅದೇ ಇರಬೇಕೆಂದು ತೀರ್ಮಾನಿಸಿಬಿಟ್ಟಿದ್ದೆ.

1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಈ ಹೆಸರಿನಲ್ಲಿ ವಿವರಿಸಿದ್ದು, ಚಳಿಗಾಲದಲ್ಲಿ ಹಗಲು ತೀರಾ ಮೊಟಕಾಗುವ ನಾಡಿನ ಕಾಯಿಲೆಯನ್ನು. ನಮ್ಮಲ್ಲಿ ಡಿಸೆಂಬರಿನ ಹಗಲು 11 ಗಂಟೆಗಿಂತ ತುಸು ಹೆಚ್ಚು, ಜೂನಿನದು ಸುಮಾರು 13 ಗಂಟೆ. ಅಂದರೆ ಮಳೆಗಾಲ ಶುರುವಾಗುವುದೇ ವರ್ಷದ ಅತಿ ದೀರ್ಘ ಹಗಲುಗಳಲ್ಲಿ. ಮೋಡದ ದಿನವೂ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಟ್ಯೂಬ್‌ಲೈಟಿನ ಕೋಣೆಯಲ್ಲಿ ಕೆಲವು ನೂರು ಮಾತ್ರ. ಹಾಗಾಗಿ ಮಳೆಗೆ ಹೆದರಿ ದಿನವಿಡೀ ಒಳಗೇ ಕೂರುವವರಿಗೆ ಬೆಳಕು ಕಡಿಮೆಯಾಗುವುದು ನಿಜ. ಆದರೆ ಭಾವ ಹೊಲದ ಮನುಷ್ಯ.

ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಅವರ ನಿದ್ದೆ, ಊಟ, ಮಾತುಗಳನ್ನು ಒಂದೊಂದು ಗುರುತಿನಲ್ಲಿ ಬರೆದಿಟ್ಟಿದ್ದಳು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಂಥ ಮಳೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಪುಟಗಳ ತುಂಬ ಮಂಕು ದಿನಗಳ ಕಪ್ಪು ಗುರುತು. ಅಲ್ಲಿಗೆ ನನ್ನ ಊಹೆ ಗಟ್ಟಿಯಾಯಿತು. ಮರುವರ್ಷ ಬರ. ಆಗಸ್ಟಿನಲ್ಲಿ ಮೋಡಕ್ಕಾಗಿ ಕಾದು ಎಲ್ಲರ ಕಣ್ಣು ಸೋತರೂ ಆ ಪುಟ ಹಿಂದಿನದಕ್ಕಿಂತ ಕಪ್ಪಾಗಿತ್ತು.

ಆ ಎರಡು ಕ್ಯಾಲೆಂಡರುಗಳನ್ನು ದಾವಣಗೆರೆಯ ಮನೋವೈದ್ಯರ ಮುಂದಿಟ್ಟಾಗ ಅವರು ಮಳೆಯ ಮಾತೇ ಎತ್ತದೆ, "ಬೀಜ, ಗೊಬ್ಬರಕ್ಕೆ ಸಾಲ ಮಾಡುವುದು ಯಾವಾಗ? ಮಕ್ಕಳ ಫೀಸು ಕಟ್ಟುವುದು ಯಾವಾಗ?" ಎಂದು ಕೇಳಿದರು. ಖಿನ್ನತೆಯನ್ನು ಋತುಮಾನದ್ದೆಂದು ಕರೆಯಬೇಕಾದರೆ ಕನಿಷ್ಠ ಎರಡು ವರ್ಷ ಅದೇ ಕಾಲಕ್ಕೆ ಬಂದು ಅದೇ ಕಾಲಕ್ಕೆ ಹೋಗಬೇಕು, ನಡುವೆ ಬೇರೆ ಕಾಲದಲ್ಲಿ ಕಾಣಿಸಿಕೊಳ್ಳಬಾರದು. ಅಷ್ಟಾದರೂ ಪ್ರತಿವರ್ಷ ಅದೇ ಹೊತ್ತಿಗೆ ಎದುರಾಗುವ ಸಂಕಷ್ಟವೇ ಕಾರಣವಾಗಿದ್ದರೆ ಆ ಹೆಸರು ಸಲ್ಲದು ಎಂದು ವಿವರಿಸಿದರು. ಹೆಸರು ತಪ್ಪಿತೆಂದು ಕಾಯಿಲೆ ಸುಳ್ಳಾಗಲಿಲ್ಲ. ಅದು ಖಿನ್ನತೆಯೇ ಆಗಿತ್ತು, ಮಾತ್ರೆ ಶುರುವಾಯಿತು. ಸಾಯುವ ಯೋಚನೆ ಬಂದರೆ ಮಾತ್ರ ಯಾವ ಲೆಕ್ಕಕ್ಕೂ ಕಾಯದೆ ಕೂಡಲೇ ಬರಬೇಕೆಂದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟರು.

ಹಾಗಾದರೆ ಕಾಲವನ್ನು ಗಮನಿಸಿದ್ದು ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಕಾರಣವನ್ನು ಮೋಡದ ತಲೆಗೆ ಕಟ್ಟಿದ್ದು ನನ್ನ ಆತುರ. ದಿನಾಂಕಗಳನ್ನು ಬರೆದಿಟ್ಟದ್ದು ಅಕ್ಕನ ಜಾಣತನ. ಮುಂಚೆ ಭಾವ ಪೂರ್ತಿ ಕುಸಿದ ಮೇಲೆ ಎಚ್ಚರಾಗುತ್ತಿದ್ದ ನಾವು ಈಗ ಮೇ ಕೊನೆಯ ವಾರದಲ್ಲಿ, ಬಿತ್ತನೆ ಬೀಜ ಮನೆಗೆ ಬರುವ ಮೊದಲೇ, ಅವರನ್ನು ವೈದ್ಯರಿಗೆ ತೋರಿಸುತ್ತೇವೆ. ಸಾಲದ ಲೆಕ್ಕಕ್ಕೂ ಅದೇ ವಾರ ಅಕ್ಕ, ಭಾವ ಇಬ್ಬರೂ ಒಟ್ಟಿಗೆ ಕೂರುತ್ತಾರೆ.